ಕಾಳಿಯ ಕಲ್ಲು ಮತ್ತು ಒಂದು ಸಂತಾಪಪತ್ರ

ಡೆಂಕಣಿಕೋಟೆಯ ಸೀಮೆಯಲ್ಲಿ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ನೆರೆಹೊರೆಯವರು ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುದ್ದಿ ಮುಟ್ಟಿಸುವವರು ಮುಟ್ಟಿಸುತ್ತಾರೆ, ಅಡುಗೆ ಕಳುಹಿಸುವವರು ಕಳುಹಿಸುತ್ತಾರೆ, ಪೇಟೆಯ ಬೀದಿಯಲ್ಲಿ ಭಾವಚಿತ್ರವಿರುವ ಫಲಕವೊಂದು ನಿಲ್ಲುತ್ತದೆ. ಸೂತಕದ ದಿನಗಳು ಕಳೆಯುವವರೆಗೆ ಆ ಮನೆಯವರು ಕೆಲಸಕ್ಕೆ ಬಾರದಿದ್ದರೂ, ಮಾತಿನ ನಡುವೆ ಅತ್ತರೂ ಯಾರೂ ಕಾರಣ ಕೇಳುವುದಿಲ್ಲ. ಅದೇ ಮನೆಯಲ್ಲಿ ಎಂಟು ಹತ್ತು ವರ್ಷ ಬಾಳಿದ ನಾಯಿಯೋ ಬೆಕ್ಕೋ ಸತ್ತಾಗ ಇವುಗಳಲ್ಲಿ ಒಂದೂ ನಡೆಯುವುದಿಲ್ಲ. ಹಸುವೋ ಎತ್ತೋ ಆದರೆ ಕೆಲವು ಮನೆಗಳಲ್ಲಿ ಅರಿಸಿನ ಕುಂಕುಮವಿಟ್ಟು ಹೊಲದ ಅಂಚಿನಲ್ಲಿ ಹೂಳುವ ವಾಡಿಕೆಯಾದರೂ ಉಂಟು. ನಾಯಿಗೆ ಅದೂ ಇಲ್ಲ. ಮರುದಿನ ಬೆಳಿಗ್ಗೆ ಮಕ್ಕಳು ಎಂದಿನಂತೆ ಕಾಲೇಜಿಗೆ ಬರಬೇಕು, ತಂದೆ ಎಂದಿನಂತೆ ಹೊಸೂರಿನ ಕಾರ್ಖಾನೆಯ ಬಸ್ಸು ಹತ್ತಬೇಕು.

ದುಃಖವಿದ್ದೂ ಅದನ್ನು ತೋರಿಸಲು ಸಮಾಜದ ಒಪ್ಪಿಗೆಯಿಲ್ಲದ ಇಂತಹ ಸ್ಥಿತಿಯನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ ಅವರು ವಿಶೇಷವಾಗಿ ಅಧ್ಯಯನ ಮಾಡಿದರು. 1989ರಲ್ಲಿ ಪ್ರಕಟವಾದ ಅವರ ಗ್ರಂಥವು ಇದಕ್ಕೆ ಒಂದು ಹೆಸರನ್ನು ಕೊಟ್ಟಿತು. ಕನ್ನಡದಲ್ಲಿ ಅದನ್ನು ‘ಮಾನ್ಯತೆ ದೊರೆಯದ ದುಃಖ’ ಎನ್ನಬಹುದು. ದುಃಖಿಸುವವನು ತನ್ನ ಸಂಕಟವನ್ನು ಅನುಭವಿಸುವುದರ ಜೊತೆಗೆ ಅದನ್ನು ಮುಚ್ಚಿಡುವ ಕೆಲಸವನ್ನೂ ಮಾಡಬೇಕಾಗುತ್ತದೆ. ‘ನಾಯಿಗಾಗಿ ಅಳುತ್ತೀಯಾ’ ಎಂಬ ಪ್ರಶ್ನೆಯನ್ನು ಯಾರೂ ಕೇಳದಿದ್ದರೂ ಕೇಳುತ್ತಾರೆಂಬ ನಾಚಿಕೆ ಅವನನ್ನು ಬಿಡುವುದಿಲ್ಲ. ಸೂತಕವಿಲ್ಲದ, ತಿಥಿಯಿಲ್ಲದ ಇಂತಹ ಸಾವಿನಲ್ಲಿ ಹೊರಗಿನಿಂದ ಬರುವ ಮನ್ನಣೆ ಏನಾದರೂ ಇದ್ದರೆ ಅದು ಬಂದವರ ಮಾತಿನಿಂದಲೇ ಬರಬೇಕು. ಆದುದರಿಂದ ಆ ಮಾತು ಹೇಗಿರಬೇಕೆಂಬುದು ಭಾಷೆಯನ್ನು ಓದುವವರು ವಿಚಾರಮಾಡತಕ್ಕ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಉತ್ತರವಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಆತಕೂರಿನ ಶಾಸನದ ಹೆಸರು ಹೊಸದಲ್ಲ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿಗೆ ಸೇರಿದ ಆ ಊರಿನಲ್ಲಿ ದೊರೆತ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ಇತಿಹಾಸದ ಪಾಠದಲ್ಲಿ ಇದನ್ನು ತಕ್ಕೋಲದ ಯುದ್ಧದ ಆಧಾರವೆಂದು ಉಲ್ಲೇಖಿಸುವುದು ರೂಢಿ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ನಡೆಸಿದ ಆ ಯುದ್ಧದಲ್ಲಿ ಗಂಗ ಬೂತುಗನು ಕೃಷ್ಣನ ಪಕ್ಷದಲ್ಲಿ ನಿಂತು ರಾಜಾದಿತ್ಯನನ್ನು ಕೊಂದನು. ಶಾಸನವು ಇದನ್ನೆಲ್ಲ ಹೇಳುತ್ತದೆ, ನಿಜ. ಆದರೆ ಆ ಕಲ್ಲನ್ನು ನಿಲ್ಲಿಸಿದುದಕ್ಕೆ ಕಾರಣ ಯುದ್ಧವಲ್ಲ, ಒಂದು ನಾಯಿ.

ಬೂತುಗನ ಕಡೆಯ ವೀರರಲ್ಲಿ ಮಣಲೆರನೆಂಬವನೊಬ್ಬನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಕೇಳಿಕೊಳ್ಳೆಂದಾಗ ಮಣಲೆರನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಕೋಟೆಯೂರು ಅವನಿಗೆ ಬಾಳ್ಗಚ್ಚಾಗಿ ದೊರೆತ ಸಂಗತಿಯೂ ಅದೇ ಶಾಸನದಲ್ಲಿದೆ. ಊರುಗಳು ದೊರೆಯಬಹುದಾದ ಸಂದರ್ಭದಲ್ಲಿಯೂ ಆತನ ಬಾಯಿಂದ ಬಂದುದು ನಾಯಿಯ ಹೆಸರೆಂಬುದು ಗಮನಿಸತಕ್ಕ ಮಾತು. ಅನಂತರ ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ ಅದಕ್ಕೆ ಭೂಮಿಯ ದತ್ತಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನೂ ಬರೆಸಿದನು. ಕಲ್ಲಿನ ಮೇಲೆ ಹಂದಿಯೊಡನೆ ಹೋರಾಡುವ ನಾಯಿಯ ಉಬ್ಬುಶಿಲ್ಪವಿದೆ.

ಇದು ಸಂತಾಪಪತ್ರವಲ್ಲ, ದುಃಖಿತನೇ ನಿಲ್ಲಿಸಿದ ಸ್ಮಾರಕ. ಆದರೂ ಇದರ ಒಕ್ಕಣೆಯಿಂದ ಕಲಿಯಬೇಕಾದುದು ಬಹಳವಿದೆ. ಮೊದಲನೆಯದಾಗಿ, ಶಾಸನವು ನಾಯಿಯನ್ನು ಹೆಸರಿಟ್ಟು ಕರೆಯುತ್ತದೆ. ಎರಡನೆಯದಾಗಿ, ಅದು ಎಲ್ಲಿ, ಏನನ್ನು ಮಾಡುತ್ತಾ ಸತ್ತಿತೆಂಬುದನ್ನು ನಾಡು, ಊರು, ದಿಕ್ಕುಗಳ ಸಮೇತ ಹೇಳುತ್ತದೆ. ‘ಅಪಾರ’, ‘ತುಂಬಲಾರದ’ ಎಂಬ ಬಗೆಯ ವಿಶೇಷಣಗಳು ಅಲ್ಲಿ ಬೇಕಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ನಾಯಿಯಾದರೂ’ ಎಂಬ ಮಾತು ಅಲ್ಲಿಲ್ಲ. ಚಕ್ರವರ್ತಿಯ ಜಯ, ಚೋಳ ರಾಜಕುಮಾರನ ಮರಣ, ನಾಯಿಯ ಮರಣ ಎಲ್ಲವೂ ಒಂದೇ ಕಲ್ಲಿನ ಮೇಲಿವೆ. ನಡುವೆ ಯಾರೂ ಕ್ಷಮೆ ಕೇಳಿಕೊಂಡಿಲ್ಲ. ತಮಿಳುನಾಡಿನಲ್ಲಿಯೂ ಇದಕ್ಕೆ ಜೊತೆಯಾಗುವ ಕಲ್ಲೊಂದಿದೆ. ಕೃಷ್ಣಗಿರಿಗೆ ನೆರೆಯ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲು ಕರುಂದೇವಕತ್ತಿಯೆಂಬ ವೀರನನ್ನೂ, ಕಳ್ಳರನ್ನು ಕಚ್ಚಿ ಕಾವಲುನಿಂತ ಕೋವಿವನ್ ಎಂಬ ಅವನ ನಾಯಿಯನ್ನೂ ಒಟ್ಟಿಗೆ ನೆನೆಯುತ್ತದೆ. ಅಲ್ಲಿಯೂ ನಾಯಿಗೆ ಹೆಸರಿದೆ.

ಆದರೆ ಈ ಕಲ್ಲುಗಳನ್ನು ಇದ್ದಂತೆಯೇ ಮಾದರಿಯಾಗಿ ಹಿಡಿಯುವುದಕ್ಕೆ ಒಂದು ತೊಡಕುಂಟು. ಕಾಳಿಯೂ ಕೋವಿವನೂ ಪರಾಕ್ರಮ ಮೆರೆದು ಮನ್ನಣೆ ಪಡೆದವು. ಜಗಲಿಯ ಮೇಲೆ ಬಿಸಿಲು ಕಾಯುತ್ತಾ ಹದಿಮೂರು ವರ್ಷ ಕಳೆದ ಬೆಕ್ಕು ಯಾವ ಹಂದಿಯನ್ನೂ ಎದುರಿಸಿರುವುದಿಲ್ಲ. ಅದರ ಸಾವಿಗೆ ಬರೆಯುವವರು ವೀರಗಲ್ಲಿನ ಜಾಡನ್ನೇ ಹಿಡಿದು ಉಪಯೋಗವನ್ನು ಎಣಿಸತೊಡಗಿದರೆ, ‘ಇಲಿಗಳನ್ನಾದರೂ ಹಿಡಿಯುತ್ತಿತ್ತು’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಈ ಕೊರತೆಯನ್ನು ತುಂಬುವುದು ಮಹಾಭಾರತದ ಮಹಾಪ್ರಸ್ಥಾನದ ಪ್ರಸಂಗ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದುದರಿಂದ ಅವನ ಕಾವ್ಯದಲ್ಲಿ ಇದು ಬರುವುದಿಲ್ಲ. ಮುಂದಿನ ಪರ್ವಗಳನ್ನು ಕನ್ನಡಿಸಿದವನು ತಿಮ್ಮಣ್ಣಕವಿ. ಸ್ವರ್ಗದ ರಥವನ್ನೇರಬೇಕಾದರೆ ನಾಯಿಯನ್ನು ಬಿಡಬೇಕೆಂದು ಇಂದ್ರನು ಹೇಳಿದಾಗ ಧರ್ಮರಾಯನು ನಾಯಿಯ ಯಾವ ಸೇವೆಯನ್ನೂ ಲೆಕ್ಕಹಾಕಿ ತೋರಿಸುವುದಿಲ್ಲ. ತನ್ನನ್ನು ನಂಬಿ ಬಂದುದನ್ನು ಬಿಡಲಾರೆನೆಂಬುದಷ್ಟೇ ಅವನ ವಾದ. ಅದು ಧರ್ಮದೇವತೆಯೆಂದು ತಿಳಿಯುವುದು ಆಮೇಲೆ. ನಿರಾಕರಿಸುವ ಹೊತ್ತಿನಲ್ಲಿ ಅದು ಬರಿಯ ನಾಯಿಯೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯನ್ನು ಊರವರು ‘ನಾಯಿಗುತ್ತಿ’ ಎಂದೇ ಕರೆಯುತ್ತಾರೆ, ಏಕೆಂದರೆ ಅವನಿರುವಲ್ಲಿ ಹುಲಿಯನೆಂಬ ಅವನ ನಾಯಿಯೂ ಇರುತ್ತದೆ. ಮನುಷ್ಯನ ಹೆಸರಿಗೇ ನಾಯಿ ಸೇರಿಕೊಂಡಿರುವಾಗ ಉಪಯೋಗದ ಲೆಕ್ಕ ಎಲ್ಲಿಯದು? ಪತ್ರ ಬರೆಯುವವರು ನೋಡಬೇಕಾದುದು ಆ ಪ್ರಾಣಿ ಯಾವ ಕೆಲಸಕ್ಕೆ ಬರುತ್ತಿತ್ತೆಂಬುದನ್ನಲ್ಲ, ಈ ಮನೆಯವರ ದಿನಚರಿಯ ಯಾವ ಯಾವ ಗಳಿಗೆಗಳಲ್ಲಿ ಅದು ಇತ್ತೆಂಬುದನ್ನು.

ಬಾಂಧವ್ಯವನ್ನು ಕುಗ್ಗಿಸುವ ಕೆಲಸವನ್ನು ಕನ್ನಡದಲ್ಲಿ ದೊಡ್ಡ ಮಾತುಗಳು ಮಾಡುವುದು ಕಡಿಮೆ. ಅದನ್ನು ಮಾಡುವುದು ಚಿಕ್ಕ ಅವ್ಯಯಗಳು. ‘ನಾಯಿ ತಾನೆ’ ಎಂಬಲ್ಲಿನ ‘ತಾನೆ’, ‘ಒಂದು ನಾಯಿಗೋಸ್ಕರ’ ಎಂಬಲ್ಲಿನ ‘ಒಂದು’, ‘ನಾಯಿಯೇನೋ ಹೋಯಿತು, ಆದರೆ’ ಎಂಬಲ್ಲಿನ ‘ಏನೋ’ ಮತ್ತು ‘ಆದರೆ’, ಇವು ಸಂತಾಪದ ವಾಕ್ಯದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ‘ಸದ್ಯ’. ‘ಸದ್ಯ, ಮಗುವಿಗೇನೂ ಆಗಲಿಲ್ಲವಲ್ಲ’ ಎಂದು ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಕೇಳುವವರಿಗೂ ಮಗು ಉಳಿದುದು ಸಮಾಧಾನವೇ. ಆದರೆ ಆ ಶಬ್ದವು ತಕ್ಕಡಿಯೊಂದನ್ನು ಮುಂದಿಡುತ್ತದೆ. ಒಂದು ತಟ್ಟೆಯಲ್ಲಿ ಮಗುವನ್ನಿಟ್ಟ ಮೇಲೆ ಇನ್ನೊಂದು ತಟ್ಟೆಯಲ್ಲಿರುವುದಕ್ಕಾಗಿ ಅಳಲು ಯಾರಿಗೆ ತಾನೆ ಧೈರ್ಯ ಬಂದೀತು?

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಕುಗ್ಗಿಸಬಾರದೆಂಬ ಕಾಳಜಿಯಿಂದ ‘ಸ್ವಂತ ಮಗನನ್ನೇ ಕಳೆದುಕೊಂಡಂತಾಗಿದೆ’ ಎಂದು ಬರೆಯುವುದೂ ತೂಗುವುದೇ. ಆ ಮನೆಯಲ್ಲಿ ಹಿಂದೆಂದೋ ಒಂದು ಕೂಸು ತೀರಿಕೊಂಡಿದ್ದರೆ ಈ ಹೋಲಿಕೆ ಇನ್ನೊಂದು ಗಾಯವನ್ನು ಕೆದಕುತ್ತದೆ. ಮನೆಯವರು ತಾವಾಗಿ ‘ನಮ್ಮ ಮಗನಂತಿದ್ದ’ ಎಂದರೆ ಅದು ಅವರ ಹಕ್ಕು. ‘ಋಣ ಮುಗಿಯಿತು’ ಎಂಬ ಮಾತಿಗೂ ಈ ನಿಯಮವೇ ಅನ್ವಯಿಸುತ್ತದೆ. ಋಣಾನುಬಂಧದ ಕಲ್ಪನೆ ಹೆಂಡತಿ, ಮಕ್ಕಳು, ಮನೆಗಳ ಸಾಲಿನಲ್ಲಿಯೇ ಪಶುವನ್ನೂ ಎಣಿಸುವಷ್ಟು ಉದಾರವಾದುದು. ಅದನ್ನು ದುಃಖಿತರು ಹೇಳಿಕೊಂಡಾಗ ಅವರಿಗೆ ಆಸರೆಯಾಗುತ್ತದೆ. ಬಂದವರು ಹೇಳಿದಾಗ ಲೆಕ್ಕ ಚುಕ್ತಾ ಆಯಿತು, ಇನ್ನು ಏಳಿ ಎಂದಂತೆ ಕೇಳಿಸುತ್ತದೆ.

ವ್ಯಾಕರಣದ ಒಂದು ಸಂದೇಹವನ್ನೂ ಇಲ್ಲಿಯೇ ಪರಿಹರಿಸಿಕೊಳ್ಳಬಹುದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಪ್ರಾಣಿಗಳೆಲ್ಲ ನಪುಂಸಕಲಿಂಗಕ್ಕೆ ಸೇರುತ್ತವೆ. ಹಾಗಾದರೆ ಸತ್ತ ನಾಯಿಯನ್ನು ‘ಅದು’ ಎಂದರೆ ವಸ್ತುವಿನೊಡನೆ ಸೇರಿಸಿದಂತಾಗುವುದೇ? ಆಗುವುದಿಲ್ಲ. ‘ಮಗು ಅತ್ತಿತು’, ‘ಕೂಸು ಮಲಗಿತು’ ಎನ್ನುವ ಭಾಷೆಯಲ್ಲಿ ‘ಅದು’ ಎಂಬುದು ಎಳೆಯದಕ್ಕೂ ಮುದ್ದಿನದಕ್ಕೂ ಸಲ್ಲುವ ಸರ್ವನಾಮ. ಆದರೆ ಮನೆಯವರು ನಾಯಿಯನ್ನು ‘ಅವನು’ ಎಂದು ಕರೆಯುತ್ತಿದ್ದರೆ ಪತ್ರದಲ್ಲಿಯೂ ‘ಅವನು’ ಎಂದೇ ಬರೆಯಬೇಕು. ಅಲ್ಲಿ ‘ಅದು’ ಎಂದು ತಿದ್ದುವುದು ವ್ಯಾಕರಣದ ಹೆಸರಿನಲ್ಲಿ ಮಾಡುವ ಅವಿನಯ. ಕ್ರಿಯಾಪದದ ವಿಷಯದಲ್ಲಿ ಕಿವಿಯೇ ಪ್ರಮಾಣ. ‘ಸತ್ತಿತು’ ಎಂಬುದು ಪ್ರಾಮಾಣಿಕವಾದರೂ ಪತ್ರದ ಮೊದಲ ಸಾಲಿಗೆ ಬಿರುಸು. ‘ಮೃತಪಟ್ಟಿತು’ ವಾರ್ತೆಯ ಭಾಷೆ. ‘ದೈವಾಧೀನವಾಯಿತು’ ಎಂದರೆ ಅಪಹಾಸ್ಯವೆಂದು ತಿಳಿಯುವ ಸಂಭವವುಂಟು. ‘ತೀರಿಕೊಂಡಿತು’, ‘ಹೋಗಿಬಿಟ್ಟಿತು’, ‘ಇಲ್ಲವಾಯಿತು’ ಎಂಬ ರೂಪಗಳು ಎಲ್ಲ ಮನೆಗಳಲ್ಲಿಯೂ ನಿಲ್ಲುತ್ತವೆ.

ಇಷ್ಟನ್ನು ಇಟ್ಟುಕೊಂಡು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಕಡೆಗೆ, ಕಾಡಿನ ಅಂಚಿನ ಹಳ್ಳಿಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳ ಮನೆ. ಮಣಿಯೆಂಬ ನಾಯಿ ಅಲ್ಲಿ ಎಂಟು ವರ್ಷ ಇದ್ದಿತು. ಕಾವೇರಿ ಉತ್ತರ ವನ್ಯಜೀವಿಧಾಮದ ಆಸುಪಾಸಿನ ಊರುಗಳಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯುವುದು ಅಪರೂಪವಲ್ಲ. ಒಂದು ರಾತ್ರಿ ಮಣಿಯನ್ನೂ ಒಯ್ದಿತು. ಬೆಳಿಗ್ಗೆ ಗೂಟದಲ್ಲಿ ಉಳಿದಿದ್ದುದು ಸರಪಳಿ, ಅದರ ತುದಿಯಲ್ಲಿ ಕಿತ್ತುಹೋದ ಕೊರಳಪಟ್ಟಿ. ಇಂತಹ ಸಾವಿನಲ್ಲಿ ಹೂಳಲು ದೇಹವೂ ಇರುವುದಿಲ್ಲ. ಮಾಡಬಹುದಾಗಿದ್ದ ಒಂದೇ ಒಂದು ಕ್ರಿಯೆಯೂ ತಪ್ಪಿಹೋಗುತ್ತದೆ. ಹುಡುಗಿ ಎರಡು ದಿನ ತರಗತಿಗೆ ಬರಲಿಲ್ಲ. ಸಹಪಾಠಿಗಳು ಕೂಡಿ ಪತ್ರವೊಂದನ್ನು ಬರೆಯುತ್ತಾರೆ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಪ್ರಿಯ ಗೆಳತಿ, ನಿನ್ನ ಸಾಕುನಾಯಿಯ ಅಕಾಲಿಕ ಮರಣದ ವಾರ್ತೆಯನ್ನು ತಿಳಿದು ವಿಷಾದವಾಯಿತು. ಸದ್ಯ, ಮನೆಯವರಿಗೆ ಯಾರಿಗೂ ಏನೂ ಆಗಲಿಲ್ಲವೆಂಬುದೇ ಸಮಾಧಾನ. ಹುಟ್ಟಿದ್ದೆಲ್ಲವೂ ಒಂದು ದಿನ ಹೋಗಲೇಬೇಕು. ಅದರ ಋಣ ಅಷ್ಟೇ ಇತ್ತು. ಬೇಗನೆ ಇನ್ನೊಂದು ಮರಿಯನ್ನು ತಂದುಕೊಂಡು ದುಃಖವನ್ನು ಮರೆಯುವೆಯೆಂದು ನಂಬಿದ್ದೇವೆ.”

ಈ ಕರಡಿನಲ್ಲಿ ಒಂದೂ ಕೆಟ್ಟ ಮಾತಿಲ್ಲ, ಕಾಗುಣಿತವೂ ಸರಿಯಾಗಿದೆ. ಆದರೂ ಇದನ್ನು ಕಳುಹಿಸಬಾರದು. ‘ಸಾಕುನಾಯಿ’ ಎಂಬ ಜಾತಿವಾಚಕವು ಮಣಿಯ ಹೆಸರಿನ ಸ್ಥಾನವನ್ನು ಕಸಿದುಕೊಂಡಿದೆ. ಕಾಳಿಯ ಕಲ್ಲಿನಲ್ಲಿ ಹೀಗಾಗಲಿಲ್ಲ. ‘ಅಕಾಲಿಕ ಮರಣ’ ಎಂಬ ಸಿದ್ಧರೂಪವು ನಡೆದ ಸಂಗತಿಯನ್ನು ಮರೆಮಾಡುತ್ತದೆ. ಮೂರನೆಯ ವಾಕ್ಯ ಸತ್ಯವಾದರೂ ಅದು ಹುಡುಗಿಗೆ ತಿಳಿಯದ ಸತ್ಯವಲ್ಲ. ಕೊನೆಯ ವಾಕ್ಯವಂತೂ ಎರಡು ಕೆಲಸಗಳನ್ನು ಹೊರಿಸುತ್ತದೆ: ಮರಿ ತರಬೇಕು, ಮರೆಯಬೇಕು. ಇನ್ನೊಂದು ಮರಿ ಬರಬಹುದು, ಬಾರದಿರಬಹುದು. ಅದು ಆ ಮನೆಯವರು ತಮ್ಮ ಕಾಲದಲ್ಲಿ ತೀರ್ಮಾನಿಸತಕ್ಕ ವಿಷಯ. ಕೆಲವು ಮನೆಗಳಲ್ಲಿ ವಾರದೊಳಗೇ ಮರಿ ಬರುತ್ತದೆ, ಅದರಿಂದ ಹಳೆಯದರ ಮೇಲಿನ ಪ್ರೀತಿ ಕಡಿಮೆಯಾಗಿತ್ತೆಂದು ತಿಳಿಯುವುದೂ ತಪ್ಪು. ಇಡೀ ಕರಡಿನಲ್ಲಿ ಈ ಹುಡುಗಿಗೂ ಈ ನಾಯಿಗೂ ಮಾತ್ರ ಸಲ್ಲುವ ಒಂದು ಪದವಿಲ್ಲ. ಊರು ಬದಲಿಸಿ ಯಾರಿಗೆ ಕಳುಹಿಸಿದರೂ ನಡೆಯುತ್ತದೆ. ಪತ್ರ ಸತ್ವಹೀನವಾಗಿದೆಯೇ ಎಂದು ಪರೀಕ್ಷಿಸಲು ಇದೇ ಸುಲಭವಾದ ಉಪಾಯ.

ತಿದ್ದುವ ಮೊದಲು ಸಹಪಾಠಿಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು: ಮಣಿಯನ್ನು ನೋಡಿದವರು ಯಾರು? ಅವನ ವಿಷಯ ಅವಳು ಏನೆಂದು ಹೇಳುತ್ತಿದ್ದಳು? ಒಬ್ಬರಿಗೆ ಯುಗಾದಿಯ ದಿನ ನೆನಪಾಗುತ್ತದೆ, ಇನ್ನೊಬ್ಬರಿಗೆ ಸಂಜೆಯ ಬಸ್ಸಿನ ಮಾತು. ಆಗ ಪತ್ರದ ರೂಪ ಬದಲಾಗುತ್ತದೆ:

“ಪ್ರಿಯ ಗೆಳತಿ, ಮಣಿಯನ್ನು ಚಿರತೆ ಹೊತ್ತೊಯ್ದ ಸುದ್ದಿ ನಿನ್ನೆ ತಿಳಿಯಿತು. ನಮ್ಮೆಲ್ಲರಿಗೂ ಬಹಳ ಸಂಕಟವಾಯಿತು. ಯುಗಾದಿಗೆ ನಿಮ್ಮ ಮನೆಗೆ ಬಂದಾಗ ಅವನು ಮೊದಲು ಬೊಗಳಿದ. ನೀನು ಹೆಸರು ಹಿಡಿದು ಕೂಗಿದ ಮೇಲೆ ನಮ್ಮ ಚಪ್ಪಲಿಗಳ ಮೇಲೆಯೇ ತಲೆಯಿಟ್ಟು ಮಲಗಿಬಿಟ್ಟ, ಹೊರಡುವ ಹೊತ್ತಿಗೆ ಅವನನ್ನು ಎಬ್ಬಿಸಬೇಕಾಯಿತು. ಸಂಜೆ ನೀನು ಬಸ್ಸಿಳಿಯುವ ವೇಳೆಗೆ ಹುಣಸೆಮರದ ಕೆಳಗೆ ಕಾದಿರುತ್ತಾನೆಂದು ನೀನು ಎಷ್ಟೋ ಸಲ ಹೇಳಿದ್ದೆ. ಈಗ ಆ ದಾರಿ ಹೇಗಿರುವುದೋ ನಾವು ಊಹಿಸಲಾರೆವು. ಸೋಮವಾರ ನಮ್ಮಲ್ಲಿ ಇಬ್ಬರು ನಿನ್ನೊಂದಿಗೆ ಅದೇ ಬಸ್ಸಿನಲ್ಲಿ ಬಂದು ಮನೆಯವರೆಗೆ ನಡೆಯುತ್ತೇವೆ. ಈ ಎರಡು ದಿನದ ಪಾಠಗಳನ್ನು ನಿನಗಾಗಿ ಬರೆದಿಟ್ಟಿದ್ದೇವೆ. ಈ ಪತ್ರಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ. ತಾತನವರಿಗೆ ನಮ್ಮ ನಮಸ್ಕಾರ ಹೇಳು.”

ಇದರಲ್ಲಿ ಸಾಂತ್ವನದ ವಾಕ್ಯವೆಂದು ಬೆರಳಿಟ್ಟು ತೋರಿಸುವಂತಹುದು ಯಾವುದೂ ಇಲ್ಲ. ಹೆಸರಿದೆ, ನಡೆದುದು ಇದ್ದಂತೆ ಇದೆ, ಬರೆದವರು ಕಣ್ಣಾರೆ ಕಂಡ ಒಂದು ಚಿತ್ರವಿದೆ, ಅವಳ ದಿನದಲ್ಲಿ ಬರಿದಾದ ಗಳಿಗೆ ಯಾವುದೆಂಬ ಅರಿವಿದೆ. ನೆರವನ್ನು ದಿನ ಹೇಳಿ, ಮಾಡುವ ಕೆಲಸ ಹೇಳಿ ಸೂಚಿಸಲಾಗಿದೆ. ‘ಏನಾದರೂ ಬೇಕಿದ್ದರೆ ತಿಳಿಸು’ ಎಂದು ಬರೆದಿದ್ದರೆ ಕೇಳುವ ಭಾರ ಅವಳ ಮೇಲೆ ಬೀಳುತ್ತಿತ್ತು. ಮಣಿಯನ್ನು ಯಾರೂ ನೋಡಿಯೇ ಇಲ್ಲದಿದ್ದಲ್ಲಿ ಕಂಡಂತೆ ಕಲ್ಪಿಸಿ ಬರೆಯಬಾರದು. ಅವಳ ಬಾಯಿಂದ ಕೇಳಿದುದನ್ನೇ ಹೇಳಿದರೆ ಸಾಕು. ಅದೂ ಇಲ್ಲವಾದರೆ ‘ಮಣಿಯ ವಿಷಯ ಹೇಳಬೇಕೆನಿಸಿದಾಗ ಹೇಳು, ಕೇಳುತ್ತೇವೆ’ ಎಂಬ ಸಾಲು ಪ್ರಾಮಾಣಿಕವಾದುದು.

ಪತ್ರದ ಕೊನೆಯಲ್ಲಿ ತಾತನ ಹೆಸರು ಬಂದುದು ಶಿಷ್ಟಾಚಾರಕ್ಕಾಗಿ ಮಾತ್ರವಲ್ಲ. ಆ ರಾತ್ರಿ ನಾಯಿಯನ್ನು ಗೂಟಕ್ಕೆ ಕಟ್ಟಿದವರು ಅವರೆಂದು ಭಾವಿಸೋಣ. ಸಾಕುಪ್ರಾಣಿಯ ಸಾವಿಗೂ ಮನುಷ್ಯನ ಸಾವಿಗೂ ಇರುವ ಒಂದು ದೊಡ್ಡ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಪ್ರಾಣಿಯ ಊಟ, ಔಷಧ, ಬಾಗಿಲು, ಸರಪಳಿ ಎಲ್ಲವೂ ಮನೆಯವರ ಕೈಯಲ್ಲಿರುತ್ತವೆ. ಆದ್ದರಿಂದ ಹೇಗೆ ಸತ್ತರೂ ಯಾರೋ ಒಬ್ಬರು ತಮ್ಮ ಕೈಯನ್ನೇ ದೂರುತ್ತಾರೆ. ಒಳಗೆ ಕಟ್ಟಬಹುದಾಗಿತ್ತು, ಬಿಚ್ಚಿದ್ದರೆ ಓಡಿಹೋಗುತ್ತಿತ್ತು, ಲಸಿಕೆ ಹಾಕಿಸಬೇಕಾಗಿತ್ತು. ‘ನಿಮ್ಮ ತಪ್ಪೇನೂ ಇಲ್ಲ, ತಾತ’ ಎಂಬ ಸಾರಾಸಗಟು ಮಾತು ಅವರಿಗೆ ತಟ್ಟುವುದಿಲ್ಲ, ಏಕೆಂದರೆ ಹೇಳುವವರು ಆ ರಾತ್ರಿ ಅಲ್ಲಿರಲಿಲ್ಲ. ನಡೆದುದನ್ನು ನಡೆದಂತೆ ನೆನಪಿಸುವುದು ಹೆಚ್ಚು ಉಪಕಾರಿ: ‘ತಾತ, ಎಂಟು ವರ್ಷ ದಿನವೂ ಅವನನ್ನು ಅಲ್ಲಿಯೇ ಕಟ್ಟುತ್ತಿದ್ದಿರಿ. ದಿನವೂ ಬೆಳಿಗ್ಗೆ ಅವನ ಕೊರಳು ಬಿಚ್ಚುತ್ತಿದ್ದವರೂ ನೀವೇ.’ ಇದು ನಿಜವಾಗಿದ್ದರೆ ಮಾತ್ರ ಹೇಳಬೇಕು. ಚಿರತೆ ಬಂದಿದೆಯೆಂಬ ಎಚ್ಚರಿಕೆ ಮೊದಲೇ ಇದ್ದು ಅವರು ಕಡೆಗಣಿಸಿದ್ದರೆ, ದೋಷವಿಲ್ಲವೆಂದು ತೀರ್ಪುಕೊಡುವ ಅಧಿಕಾರ ಬಂದವರಿಗಿಲ್ಲ. ಆಗ ಬಳಿಯಲ್ಲಿ ಕುಳಿತು ಅವರು ಹೇಳುವುದನ್ನು ಕೇಳುವುದಷ್ಟೇ ಉಳಿಯುತ್ತದೆ. ಏನೇ ಆದರೂ ‘ಒಳಗೆ ಕಟ್ಟಬಾರದಿತ್ತೇ?’ ಎಂಬ ಪ್ರಶ್ನೆಯನ್ನು ಯಾರೂ ಎತ್ತಬಾರದು. ಅದನ್ನು ಅವರು ಆಗಲೇ ನೂರು ಸಲ ಕೇಳಿಕೊಂಡಿರುತ್ತಾರೆ.

ಸಾವಿನ ಬಗೆ ಬೇರೆಯಾದಂತೆ ಮಾತೂ ಬೇರೆಯಾಗುತ್ತದೆ. ವಾಸಿಯಾಗದ ರೋಗದಲ್ಲಿ ನರಳುತ್ತಿದ್ದ ಪ್ರಾಣಿಗೆ ಪಶುವೈದ್ಯರ ಸಲಹೆಯಂತೆ ಚುಚ್ಚುಮದ್ದು ಕೊಡಿಸಿ ಕೊನೆಗಾಣಿಸಿದ್ದಲ್ಲಿ ‘ಕೊಲ್ಲಿಸಿದಿರಾ?’ ಎಂಬ ಕ್ರಿಯಾಪದ ಬಾಯಿಗೆ ಬರದಂತೆ ಎಚ್ಚರವಿರಬೇಕು. ‘ಕೊನೆಯವರೆಗೂ ಜೊತೆಗಿದ್ದಿರಿ’ ಎಂಬುದು ಅಲ್ಲಿ ಸತ್ಯವೂ ಹೌದು, ಸಾಂತ್ವನವೂ ಹೌದು. ಕಾಣೆಯಾದ ಬೆಕ್ಕಿನ ವಿಷಯದಲ್ಲಿ ಸಂತಾಪವೇ ಅವಸರದ ಮಾತಾದೀತು; ಮನೆಯವರು ಇನ್ನೂ ಹುಡುಕುತ್ತಿರುವಾಗ ಹುಡುಕಲು ಬರುತ್ತೇವೆಂದು ಹೇಳಬೇಕು. ಜೋಡಿ ಎತ್ತುಗಳಲ್ಲಿ ಒಂದು ಹೋದಾಗ ಬೆಲೆ ಎಷ್ಟು, ಪರಿಹಾರ ಬರುವುದೇ ಎಂಬ ವಿಚಾರಣೆ ಮೊದಲು ಬರುವುದುಂಟು. ರೈತನಿಗೆ ಆ ಮಾಹಿತಿ ಬೇಕಾದುದೇ. ಆದರೆ ಅದು ಎರಡನೆಯ ಭೇಟಿಯ ಮಾತು. ಮೊದಲ ಭೇಟಿಯಲ್ಲಿ ಕೊಟ್ಟಿಗೆಯಲ್ಲಿ ಒಂಟಿಯಾಗಿ ನಿಂತ ಇನ್ನೊಂದು ಎತ್ತು ಮೇವು ಮುಟ್ಟುತ್ತಿದೆಯೇ ಎಂದು ಕೇಳುವವರು ಆ ಮನೆಯ ನಷ್ಟವನ್ನು ಸರಿಯಾಗಿ ಅರ್ಥಮಾಡಿಕೊಂಡಿರುತ್ತಾರೆ.

ಒಂದು ಸಂದರ್ಭದಲ್ಲಿ ಮಾತ್ರ ಸಂಕೋಚವನ್ನು ಬದಿಗಿಡಬೇಕು. ನಾಯಿ ಹುಚ್ಚುರೋಗದಿಂದ ಸತ್ತಿರುವ ಅನುಮಾನವಿದ್ದರೆ, ಅದು ಯಾರನ್ನಾದರೂ ಕಚ್ಚಿದೆಯೇ, ಪರಚಿದೆಯೇ, ಗಾಯದ ಮೇಲೆ ನೆಕ್ಕಿದೆಯೇ ಎಂದು ಆಗಲೇ ಕೇಳಬೇಕು. ಹಾಗಾಗಿದ್ದಲ್ಲಿ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಅಸಾಧ್ಯವೆನ್ನುವಷ್ಟು ಅಪರೂಪ. ಅಳುತ್ತಿರುವವರ ಮುಂದೆ ಇದನ್ನು ಹೇಗೆ ಹೇಳುವುದೆಂಬ ಹಿಂಜರಿಕೆಯಲ್ಲಿ ದಿನ ಕಳೆಯಬಾರದು. ‘ಅವನನ್ನು ಕೊನೆಗೆ ನೋಡಿಕೊಂಡವರು ಯಾರು? ಅವರು ಈಗಲೇ ನಮ್ಮೊಡನೆ ಆಸ್ಪತ್ರೆಗೆ ಬರಲಿ’ ಎಂದರೆ ನಾಯಿಯ ನೆನಪಿಗೂ ಕುಂದಿಲ್ಲ.

ಆತಕೂರಿನ ಕಟ್ಟಳೆಯಲ್ಲಿ ಇನ್ನೊಂದು ಅಂಶವಿದೆ. ಗೊರವನು ಕಲ್ಲನ್ನು ಪೂಜಿಸಬೇಕಾದುದು ಒಂದು ಸಲವಲ್ಲ. ತನ್ನ ಊಟಕ್ಕೆ ಮೊದಲು. ಅಂದರೆ ಕಾಳಿಯ ನೆನಪು ಒಬ್ಬನ ದಿನಚರಿಯೊಳಗೆ ಸೇರಬೇಕೆಂದು ಮಣಲೆರನು ಬಯಸಿದನು. ಇಂದಿನ ಸಂತಾಪ ಬಹುಮಟ್ಟಿಗೆ ಮೊದಲ ದಿನವೇ ಮುಗಿದುಹೋಗುತ್ತದೆ. ಫೋನಿನಲ್ಲಿ ಕೈಮುಗಿದ ಚಿಹ್ನೆಗಳು ಸಾಲಾಗಿ ಬಂದು ಸಂಜೆಯೊಳಗೆ ನಿಲ್ಲುತ್ತವೆ. ಮನುಷ್ಯರ ಸಾವಿಗೆ ತಿಂಗಳ ಮಾಸಿಕವೂ ವರ್ಷದ ತಿಥಿಯೂ ಇರುವುದರಿಂದ ಬಂಧುಗಳು ಮತ್ತೆ ಮಾತಾಡಲು ಅವಕಾಶವಾಗುತ್ತದೆ. ಮಣಿಗೆ ಅಂತಹ ದಿನವಿಲ್ಲ. ಆದ್ದರಿಂದ ತಿಂಗಳಾದ ಮೇಲೆ ಸಹಪಾಠಿಗಳಲ್ಲಿ ಒಬ್ಬರು ಮತ್ತೊಂದು ಚಿಕ್ಕ ಚೀಟಿಯನ್ನು ಬರೆಯುವುದು ಉಚಿತ. ಅದರಲ್ಲಿ ‘ಈಗ ಸಮಾಧಾನವಾಯಿತೇ?’ ಎಂಬ ಪ್ರಶ್ನೆ ಬೇಡ. ಹೌದೆಂಬ ಉತ್ತರವನ್ನೇ ಅದು ಬೇಡುತ್ತದೆ. “ನಿನ್ನೆ ಸಂಜೆ ಬಸ್ಸಿನಲ್ಲಿ ನಿಮ್ಮೂರನ್ನು ದಾಟಿಹೋದೆವು. ಹುಣಸೆಮರ ಕಂಡಿತು, ಮಣಿ ನೆನಪಾದ. ತಾತ ಹೇಗಿದ್ದಾರೆ?” ಎಂದಿದ್ದರೆ ಸಾಕು.